ಮಂಜಿನಲ್ಲಿ ಬೆಟ್ಟ ಇಳಿಯುವ ಗಣಿತ

ಮಳೆಗಾಲದ ಮುಳ್ಳಯ್ಯನಗಿರಿಯಲ್ಲಿ ಮಂಜು ಕವಿದರೆ ನಾಲ್ಕು ಮಾರು ದೂರದ ದಾರಿಯೂ ಕಾಣುವುದಿಲ್ಲ. ಇಳಿಯಬೇಕಾದವನಿಗೆ ಗೊತ್ತಾಗುವುದು ಒಂದೇ: ಪಾದದ ಕೆಳಗಿನ ನೆಲ ಯಾವ ಕಡೆಗೆ ವಾಲಿದೆ ಎಂಬುದು. ವಾಲಿದ ಕಡೆಗೆ ಒಂದು ಹೆಜ್ಜೆ ಇಡುತ್ತಾನೆ, ಮತ್ತೆ ನೆಲ ತಡಕುತ್ತಾನೆ, ಇನ್ನೊಂದು ಹೆಜ್ಜೆ. ಕಂಪ್ಯೂಟರ್‌ಗೆ ಕಲಿಸುವವರು ‘ಗ್ರೇಡಿಯೆಂಟ್ ಡಿಸೆಂಟ್’ ಎನ್ನುವುದು ಇದನ್ನೇ. ಇಲ್ಲಿ ಬೆಟ್ಟದ ಎತ್ತರವೆಂದರೆ ಯಂತ್ರ ಮಾಡುವ ತಪ್ಪಿನ ಪ್ರಮಾಣ, ಅಂದರೆ ‘ಲಾಸ್’. ನಿಂತಿರುವ ಜಾಗವೆಂದರೆ ಯಂತ್ರದೊಳಗಿನ ಅಂಕಿಗಳ ಸದ್ಯದ ಬೆಲೆ.

ಈ ವಿಧಾನ ಕಂಪ್ಯೂಟರ್‌ಗಿಂತ ಹಳೆಯದು. ಫ್ರಾನ್ಸಿನ ಗಣಿತಜ್ಞ ಕೋಶಿ ಇದನ್ನು 1847ರಲ್ಲೇ ಬರೆದಿಟ್ಟ. ಅವನ ತಲೆಯಲ್ಲಿದ್ದದ್ದು ಆಕಾಶಕಾಯಗಳ ಕಕ್ಷೆಯ ಲೆಕ್ಕ. ಹಲವು ಅಜ್ಞಾತಗಳಿರುವ ಸಮೀಕರಣಗಳನ್ನು ಒಂದೇ ಏಟಿಗೆ ಬಿಡಿಸುವ ಬದಲು, ಇಳಿಜಾರು ಹಿಡಿದು ಸ್ವಲ್ಪಸ್ವಲ್ಪವೇ ಉತ್ತರದತ್ತ ಸರಿಯಬಹುದೆಂದು ಅವನು ತೋರಿಸಿದ. ಹೆಜ್ಜೆ ಸಾಕಷ್ಟು ಚಿಕ್ಕದಾಗಿದ್ದರೆ ಎತ್ತರ ಇಳಿದೇ ಇಳಿಯುತ್ತದೆ. ಆದರೆ ಸಾಕಷ್ಟು ಚಿಕ್ಕದೆಂದರೆ ಎಷ್ಟು? ಮುಂದಿನ ಚರಿತ್ರೆಯ ಬಹುಪಾಲು ಈ ಪ್ರಶ್ನೆಯ ಸುತ್ತಲೇ ತಿರುಗಿದೆ.

ಒಂದು ಪುಟ್ಟ ಲೆಕ್ಕ ನೋಡೋಣ. ಒಂದು ಪುಟದ ಜೆರಾಕ್ಸ್‌ಗೆ 3 ರೂಪಾಯಿ. ಯಂತ್ರಕ್ಕೆ ಅದು ಗೊತ್ತಿಲ್ಲ, ಅದರ ಮೊದಲ ಊಹೆ 0. ತಪ್ಪನ್ನು ಊಹೆಗೂ ಮೂರಕ್ಕೂ ಇರುವ ಅಂತರದ ವರ್ಗವೆಂದು ಅಳೆದರೆ, ಇಳಿಜಾರು ಆ ಅಂತರದ ಎರಡರಷ್ಟು. ‘ಲರ್ನಿಂಗ್ ರೇಟ್’ 0.1 ಎಂದಿಟ್ಟರೆ ಪ್ರತಿ ಹೆಜ್ಜೆಯೂ ಹೀಗೆ:

```
w = w - 0.1 * 2 * (w - 3)
```

ಊಹೆ 0ಯಿಂದ 0.6ಕ್ಕೆ, ಅಲ್ಲಿಂದ 1.08ಕ್ಕೆ, ಆಮೇಲೆ 1.464ಕ್ಕೆ ಬರುತ್ತದೆ. 20 ಹೆಜ್ಜೆ ಕಳೆಯುವಷ್ಟರಲ್ಲಿ ಸುಮಾರು 2.97. ಇಲ್ಲಿ ಒಂದು ಸೂಕ್ಷ್ಮವಿದೆ. ಮನುಷ್ಯ ಕಡಿದಾದ ಜಾಗದಲ್ಲಿ ಹೆಜ್ಜೆ ಕಿರಿದು ಮಾಡುತ್ತಾನೆ; ಈ ಸೂತ್ರ ಅಲ್ಲೇ ದೊಡ್ಡ ಹೆಜ್ಜೆ ಹಾಕುತ್ತದೆ, ನೆಲ ಸಮವಾದಂತೆಲ್ಲ ನಿಧಾನಿಸುತ್ತದೆ. ಬೆಟ್ಟದ ಹೋಲಿಕೆಯನ್ನು ಅಕ್ಷರಶಃ ನಂಬಿದವರು ಎಡವುವುದು ಇಲ್ಲಿಯೇ.

ಈಗ 0.1ರ ಜಾಗದಲ್ಲಿ 1 ಹಾಕಿ. ಊಹೆ 0ಯಿಂದ 6ಕ್ಕೆ ಹಾರುತ್ತದೆ, ಮತ್ತೆ 0ಗೆ, ಮತ್ತೆ 6ಕ್ಕೆ. ಕಣಿವೆಯ ಈ ದಡದಿಂದ ಆ ದಡಕ್ಕೆ ಜಿಗಿದಾಟವೇ ಹೊರತು ಇಳಿಯುವುದಿಲ್ಲ. 1.1 ಹಾಕಿದರೆ 6.6, −1.32, 8.184 ಎಂದು ಪ್ರತಿ ಜಿಗಿತಕ್ಕೂ ಇನ್ನಷ್ಟು ಮೇಲೇರುತ್ತದೆ.

1951ರಲ್ಲಿ ಅಮೆರಿಕದ ರಾಬಿನ್ಸ್ ಮತ್ತು ಮನ್ರೊ ಒಂದು ಲೇಖನದಲ್ಲಿ ಬೇರೊಂದು ತೊಡಕನ್ನು ಕೈಗೆತ್ತಿಕೊಂಡರು: ಅಳತೆಯೇ ನಂಬುವಂತಿಲ್ಲದಿದ್ದರೆ? ಹೆಜ್ಜೆಗಳು ಕಿರಿದಾಗುತ್ತ ಹೋಗಬೇಕು, ಆದರೆ ನಡುದಾರಿಯಲ್ಲೇ ನಿಂತುಹೋಗುವಷ್ಟು ಬೇಗ ಕಿರಿದಾಗಬಾರದು ಎಂದು ಅವರು ಗಣಿತದಲ್ಲಿ ಹೇಳಿದರು. ಇಂದು ಯಂತ್ರಕ್ಕೆ ಕಲಿಸಲು ಲಕ್ಷಾಂತರ ಚಿತ್ರಗಳಿರುವಾಗ ಪ್ರತಿ ಹೆಜ್ಜೆಗೂ ಎಲ್ಲವನ್ನೂ ನೋಡದೆ, ಕೆಲವನ್ನೇ ಹೆಕ್ಕಿ ಇಳಿಜಾರನ್ನು ಅಂದಾಜಿಸುತ್ತಾರೆ. ಆ ಅಂದಾಜು ಪ್ರತಿ ಸಲವೂ ಸ್ವಲ್ಪ ಅತ್ತಿತ್ತ ಆಗುತ್ತದೆ. ಆದರೂ ಅದು ನಡೆಯುತ್ತದೆ ಎಂಬ ಭರವಸೆಯ ಬೇರು ಇರುವುದು ಆ ಲೇಖನದಲ್ಲಿ.

ಇಕ್ಕಟ್ಟಾದ ಉದ್ದನೆಯ ಕಮರಿ ಇನ್ನೂ ಕಾಟ ಕೊಡುತ್ತದೆ. ಎರಡೂ ಬದಿ ಕಡಿದು, ಉದ್ದಕ್ಕೆ ಮಾತ್ರ ನಯವಾದ ಇಳಿಜಾರು. ಬದಿಗಳಿಗೆ ಹೆದರಿ ಹೆಜ್ಜೆ ಕಿರಿದು ಮಾಡಿದರೆ ಉದ್ದಕ್ಕೆ ಸಾಗುವುದೇ ಇಲ್ಲ. ದೊಡ್ಡದು ಮಾಡಿದರೆ ಅಡ್ಡಡ್ಡ ತೂರಾಟ. ಸೋವಿಯತ್ ಗಣಿತಜ್ಞ ಪೊಲ್ಯಾಕ್ 1964ರಲ್ಲಿ ಹಿಂದಿನ ಹೆಜ್ಜೆಯ ಒಂದಂಶವನ್ನು ಈಗಿನದಕ್ಕೆ ಸೇರಿಸಿದ. ಅಡ್ಡ ತೂರಾಟಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಉದ್ದದ ನಡೆ ಕೂಡಿಕೊಂಡು ವೇಗ ಪಡೆಯುತ್ತದೆ. ಇದೇ ‘ಮೊಮೆಂಟಮ್’.

1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ ಬರೆದ ಲೇಖನದಿಂದ ಬ್ಯಾಕ್‌ಪ್ರೊಪಗೇಶನ್ ಮನೆಮಾತಾಯಿತು. ಅದು ಇಳಿಯುವ ವಿಧಾನವಲ್ಲ, ಹಲವು ಪದರಗಳ ಜಾಲದಲ್ಲಿ ಇಳಿಜಾರನ್ನು ಲೆಕ್ಕ ಹಾಕುವ ವಿಧಾನ. ಹೊಸಬರು ಇವೆರಡನ್ನೂ ಒಂದೇ ಎಂದುಕೊಳ್ಳುವುದುಂಟು.

2014ರಲ್ಲಿ ಕಿಂಗ್ಮಾ ಮತ್ತು ಬಾ ಮುಂದಿಟ್ಟ ‘ಆಡಮ್’ ಮೊಮೆಂಟಮ್ ಇಟ್ಟುಕೊಂಡೇ ಪ್ರತಿ ಅಂಕಿಗೂ ಅದರದೇ ಹೆಜ್ಜೆಯಳತೆ ಕೊಟ್ಟಿತು. ಇಂದು ಬಹುತೇಕರು ಮೊದಲು ಕೈಹಾಕುವುದು ಇದಕ್ಕೇ. ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ಸರಳವಾದೊಂದು ಲೆಕ್ಕದಲ್ಲೂ ಆಡಮ್ ಗುರಿ ಮುಟ್ಟದಿರಬಹುದೆಂದು 2018ರಲ್ಲಿ ಸಂಶೋಧಕರು ತೋರಿಸಿಕೊಟ್ಟರು.

ಅಂದರೆ ಕೋಶಿಯ ಕಾಲದಿಂದ ಮಂಜೇನೂ ಕರಗಿಲ್ಲ, ಸುಧಾರಿಸಿದ್ದು ಹೆಜ್ಜೆ ಮಾತ್ರ. ಹೊಸದಾಗಿ ಕಲಿಯುವವರು ಮೊದಲು ಲಾಸ್‌ನ ಗೆರೆಯ ಮೇಲೆ ಕಣ್ಣಿಡಲಿ. ಅದು ಏರುತ್ತಿದ್ದರೆ ಅಥವಾ ಪರದೆಯ ಮೇಲೆ `nan` ಬಂದರೆ ಲರ್ನಿಂಗ್ ರೇಟನ್ನು ಹತ್ತನೇ ಒಂದಕ್ಕೆ ಇಳಿಸಿ ನೋಡಬೇಕು. ಬಸವನಹುಳುವಿನಂತೆ ತೆವಳುತ್ತಿದ್ದರೆ ಏರಿಸಬೇಕು. ಅದಕ್ಕೂ ಮುಂಚೆ ಜೆರಾಕ್ಸ್‌ನ ಲೆಕ್ಕವನ್ನು 0.5 ಹಾಕಿ ಕಾಗದದ ಮೇಲೊಮ್ಮೆ ಮಾಡಿ ನೋಡಿ: ಒಂದೇ ಹೆಜ್ಜೆಗೆ ಉತ್ತರ ಸಿಗುತ್ತದೆ.