ಶಾಖ, ಅನಿಲ, ಧೂಳು: ಒಂದು ವೇತನ ಒಪ್ಪಂದವನ್ನು ಓದುವ ಬಗೆ

ತುಂಗಭದ್ರೆಯ ಒಂದು ದಂಡೆಯಲ್ಲಿ ಹರಿಹರ, ಇನ್ನೊಂದು ದಂಡೆಯಲ್ಲಿ ಕುಮಾರಪಟ್ಟಣಂ. ಅಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಲ್ಲಿ ಮರವನ್ನು ಬೇಯಿಸಿ ರೇಯಾನ್ ನೂಲಿಗೆ ಬೇಕಾದ ತಿರುಳು ತಯಾರಿಸುತ್ತಾರೆ. ಅಲ್ಲಿನ ಕಾರ್ಮಿಕರಿಗೆ ಸಂಬಳದ ಜೊತೆ ಮನೆ ಬಾಡಿಗೆ ಭತ್ಯೆ, ರಾತ್ರಿ ಪಾಳಿ ಭತ್ಯೆ, ಪ್ರೋತ್ಸಾಹಧನ, ಇವುಗಳಲ್ಲದೆ ‘ಶಾಖ, ಅನಿಲ ಮತ್ತು ಧೂಳಿನ ಭತ್ಯೆ’ ಎಂಬುದೊಂದು ಸಿಗುತ್ತಿತ್ತು. ಇವೆಲ್ಲ ‘ಕೂಲಿ’ಯೇ ಅಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1984ರಲ್ಲಿ ತೀರ್ಮಾನವಾಯಿತು. ವೇತನ ಒಪ್ಪಂದವೊಂದನ್ನು ಹೇಗೆ ಓದಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಈ ಮೊಕದ್ದಮೆಯನ್ನೇ.

ನಮ್ಮ ಭಾಗದಲ್ಲಿ ಇಂಥ ಕಾಗದಗಳು ಹುಟ್ಟಿದ್ದು ಸಹಜ. ದಾವಣಗೆರೆ ಹತ್ತಿ ಗಿರಣಿಗಳ ಊರು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ಮೂರು ಬಾರಿ ವಿಧಾನಸಭೆಗೆ ಕಳುಹಿಸಿದ ಊರು. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಇಂದು ವಿದ್ಯಾನಗರದಂಥ ಬಡಾವಣೆಗಳಲ್ಲಿ ನಡೆಯುವವರಿಗೆ ಗಿರಣಿಯ ಸೈರನ್ ಕೇಳುವುದಿಲ್ಲ. ಆದರೆ ಆ ಕಾಲದ ಬದುಕನ್ನು ತಿಳಿಯಲು ಮುಷ್ಕರದ ಕಥೆಗಳಷ್ಟೇ ಸಾಲವು. ಮುಷ್ಕರ ಮುಗಿದ ಮೇಲೆ, ಅಥವಾ ಮುಷ್ಕರವೇ ಆಗದಂತೆ, ಮೇಜಿನ ಎರಡೂ ಬದಿಯವರು ಸಹಿ ಹಾಕಿದ ಕಾಗದವನ್ನೂ ಓದಬೇಕು.

ಆ ಕಾಗದದ ಹಾದಿ ಬಹುಪಾಲು ಒಂದೇ ತೆರನಾಗಿರುತ್ತಿತ್ತು. ಹಳೆಯ ಒಪ್ಪಂದದ ಅವಧಿ ಮುಗಿಯುತ್ತ ಬಂದಾಗ ಸಂಘವು ಅದನ್ನು ಕೊನೆಗಾಣಿಸುವ ನೋಟಿಸು ಕೊಟ್ಟು, ಜೊತೆಗೆ ಬೇಡಿಕೆ ಪಟ್ಟಿಯನ್ನು ಸಲ್ಲಿಸುತ್ತದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ, ಅವಧಿ ಮುಗಿದರೂ ನೋಟಿಸು ಕೊಟ್ಟು ಎರಡು ತಿಂಗಳಾಗುವ ತನಕ ಹಳೆಯ ಒಪ್ಪಂದವೇ ಎರಡೂ ಕಡೆಯವರನ್ನು ಕಟ್ಟಿಹಾಕುತ್ತಿತ್ತು. ಆಡಳಿತ ವರ್ಗವೂ ಬರಿಗೈಯಲ್ಲಿ ಬರುವುದಿಲ್ಲ. ಉತ್ಪಾದನೆ ಇಷ್ಟು ಹೆಚ್ಚಬೇಕು, ಗೈರುಹಾಜರಿ ಇಷ್ಟು ಇಳಿಯಬೇಕು ಎಂಬ ಅದರ ಪಟ್ಟಿಯೂ ಮೇಜಿನ ಮೇಲಿರುತ್ತದೆ. ಪ್ರತಿ ಸಭೆಯ ನಡಾವಳಿ ಬರೆದು ಇಬ್ಬರೂ ಸಹಿ ಮಾಡುತ್ತಾರೆ.

ಕೊನೆಗೆ ಮೊತ್ತ ಕೂಡಿಬಂತು ಎನ್ನಿ. ಅಲ್ಲೇ ಸಹಿ ಹಾಕಿ ಎದ್ದುಬಿಡಬಹುದಲ್ಲ? ಎಷ್ಟೋ ಸಲ ಹಾಗೆ ಮಾಡದೆ ಎಲ್ಲರೂ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಕೋಣೆಗೆ ಹೋಗುತ್ತಿದ್ದರು. ಅದಕ್ಕೆ ಕಾರಣವಿತ್ತು. ತಾವು ತಾವೇ ಮಾಡಿಕೊಂಡ ಒಪ್ಪಂದ ಸಹಿ ಹಾಕಿದ ಪಕ್ಷಗಳನ್ನು ಮಾತ್ರ ಕಟ್ಟುತ್ತಿತ್ತು. ಸಂಧಾನದ ನಡುವೆ ಅಧಿಕಾರಿಯ ಎದುರು ಆದದ್ದು ಆ ಸಂಘದ ಸದಸ್ಯರಲ್ಲದವರನ್ನೂ, ನಾಳೆ ಕೆಲಸಕ್ಕೆ ಸೇರುವವರನ್ನೂ ಕಟ್ಟುತ್ತಿತ್ತು. ಎರಡು ಮೂರು ಸಂಘಗಳಿರುವ ಕಾರ್ಖಾನೆಯಲ್ಲಿ ಇದು ದೊಡ್ಡ ವ್ಯತ್ಯಾಸ. ಆದ್ದರಿಂದ ಒಪ್ಪಂದ ಪತ್ರ ಕೈಗೆ ಸಿಕ್ಕಾಗ ನಾನು ಮೊದಲು ಕೊನೆಯ ಪುಟಕ್ಕೆ ಹೋಗುತ್ತೇನೆ. ಅಧಿಕಾರಿಯ ಸಹಿ ಇದೆಯೇ, ಇಲ್ಲವೇ ಎಂಬುದರ ಮೇಲೆ ಆ ಪತ್ರ ಎಷ್ಟು ಜನರದ್ದು ಎಂಬುದು ತಿಳಿಯುತ್ತದೆ.

ಆಮೇಲೆ ನೋಡುವುದು ಹೆಚ್ಚಳದ ಹೆಸರನ್ನು. ‘ತಿಂಗಳಿಗೆ ಇಷ್ಟು ಹೆಚ್ಚಾಯಿತು’ ಎಂಬುದು ಗೇಟಿನ ಮುಂದೆ ಹೇಳುವ ಮಾತು. ಅದು ಮೂಲವೇತನಕ್ಕೆ ಸೇರಿತೋ, ತುಟ್ಟಿಭತ್ಯೆಗೋ, ಮನೆ ಬಾಡಿಗೆ ಭತ್ಯೆಗೋ ಎಂಬುದು ಒಳಗಿನ ಪುಟದ ಮಾತು. ಒಂದು ಕಲ್ಪಿತ ಲೆಕ್ಕ ಹಾಕೋಣ. ನಿವೃತ್ತಿಯ ಹೊತ್ತಿಗೆ ಒಟ್ಟು 20 ವರ್ಷ ಸೇವೆಯಾಗುವ ಕಾರ್ಮಿಕನಿಗೆ ತಿಂಗಳಿಗೆ 2,600 ರೂಪಾಯಿ ಹೆಚ್ಚಳ ಸಿಕ್ಕಿತು. ಅದು ಮೂಲವೇತನಕ್ಕೆ ಸೇರಿದರೆ, ಗ್ರಾಚ್ಯುಟಿಗೆ 26 ದಿನಗಳ ತಿಂಗಳ ಲೆಕ್ಕದಲ್ಲಿ ದಿನಕ್ಕೆ 100 ರೂಪಾಯಿ, ವರ್ಷಕ್ಕೆ 15 ದಿನದಂತೆ 1,500 ರೂಪಾಯಿ, 20 ವರ್ಷಕ್ಕೆ 30,000 ರೂಪಾಯಿ. ಪೂರ್ಣ ವೇತನದ ಮೇಲೆ ಭವಿಷ್ಯನಿಧಿ ಕಟ್ಟುವ ಕಾರ್ಖಾನೆಯಾದರೆ, ಮಾಲೀಕರ ಶೇ. 12ರ ಪಾಲು ತಿಂಗಳಿಗೆ 312 ರೂಪಾಯಿ ಬೇರೆ. ಅದೇ 2,600 ರೂಪಾಯಿ ಮನೆ ಬಾಡಿಗೆ ಭತ್ಯೆಯ ಹೆಸರಿನಲ್ಲಿ ಬಂದರೆ, ಹಳೆಯ ಕಾಯ್ದೆಗಳ ಲೆಕ್ಕದಲ್ಲಿ ಗ್ರಾಚ್ಯುಟಿಯೂ ಇಲ್ಲ, ಭವಿಷ್ಯನಿಧಿಯೂ ಇಲ್ಲ.

ಹಾಗಿದ್ದರೆ ಸಂಘ ಅದನ್ನು ಯಾಕೆ ಒಪ್ಪುತ್ತದೆ? ಮೂಲವೇತನಕ್ಕೆ ಸೇರಿದರೆ ಕಾರ್ಮಿಕನ ಪಾಲಿನ 312 ರೂಪಾಯಿಯೂ ಕಡಿತವಾಗಿ ಕೈಗೆ 2,288 ರೂಪಾಯಿ ಬರುತ್ತದೆ. ಭತ್ಯೆಯಾದರೆ ಭವಿಷ್ಯನಿಧಿಯ ಕಡಿತವಿಲ್ಲದೆ ಪೂರಾ 2,600 ಬರುತ್ತದೆ. ಮಗಳ ಮದುವೆ ಎದುರಿಗಿರುವವನಿಗೆ ಈ ತಿಂಗಳ ಕೈಗಾಸು ಮುಖ್ಯ, ನಿವೃತ್ತಿ ಹತ್ತಿರವಿರುವವನಿಗೆ ಮೂಲವೇತನ ಮುಖ್ಯ. ಮೇಜಿನ ಎದುರು ಬದಿಯೊಂದಿಗೆ ಮಾತ್ರವಲ್ಲ, ತನ್ನದೇ ಬದಿಯಲ್ಲಿ ಕೂತವರ ನಡುವೆಯೂ ಸಂಘ ಚೌಕಾಸಿ ಮಾಡಬೇಕಾಗುತ್ತದೆ.

ಹರಿಹರದ ಮೊಕದ್ದಮೆಗೆ ಇಲ್ಲಿ ಅರ್ಥ ಬರುತ್ತದೆ. ಅಲ್ಲಿನ ಪ್ರಶ್ನೆ ನೌಕರರ ರಾಜ್ಯ ವಿಮೆಯದು, ಅಂದರೆ ಇಎಸ್‌ಐ. ಅದರಲ್ಲಿ ವಂತಿಗೆಯೂ ಕೂಲಿಯ ಮೇಲೆ, ಕಾಯಿಲೆ ಬಿದ್ದಾಗ ಸಿಗುವ ಹಣವೂ ಕೂಲಿಯ ಮೇಲೆ. ಆಡಳಿತ ವರ್ಗದ ವಾದ, ಈ ನಾಲ್ಕು ಭತ್ಯೆಗಳು ಕೂಲಿಯಲ್ಲ ಎಂಬುದು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ತೀರ್ಪು ಅದನ್ನು ಒಪ್ಪಲಿಲ್ಲ. ಕೆಲಸದ ಕರಾರಿನ ಪ್ರಕಾರ ನಗದಾಗಿ ಸಲ್ಲಬೇಕಾದ ಪ್ರತಿಫಲವೆಲ್ಲ ಆ ಕಾಯ್ದೆಯಲ್ಲಿ ಕೂಲಿಯೇ. ಮನೆ ಬಾಡಿಗೆ, ರಾತ್ರಿ ಪಾಳಿ, ಶಾಖ, ಅನಿಲ, ಧೂಳು, ಪ್ರೋತ್ಸಾಹಧನ ಎಲ್ಲವೂ ಅದರೊಳಗೆ ಬರುತ್ತವೆ ಎಂದಿತು. ಬಿಸಿಯಲ್ಲಿ ಧೂಳು ಕುಡಿದು ದುಡಿದವನಿಗೆ ಕಾಯಿಲೆ ಬಂದರೆ, ಆ ಧೂಳಿಗಾಗಿ ಕೊಟ್ಟ ಹಣವೂ ಲೆಕ್ಕಕ್ಕೆ ಬಂತು.

ಇದರ ಪಕ್ಕದಲ್ಲಿ ಇನ್ನೊಂದು ತೀರ್ಪನ್ನಿಟ್ಟು ನೋಡಬೇಕು. 1960ರ ದಶಕದಲ್ಲಿ ಕಲ್ಕತ್ತದ ಬ್ರೈತ್‌ವೇಟ್ ಕಂಪನಿ ಹೆಚ್ಚು ಉತ್ಪಾದನೆಗೆ ‘ಇನಾಮು’ ಕೊಡುತ್ತಿತ್ತು. ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಅದನ್ನು ನಿಲ್ಲಿಸುವ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಅದು ಕರಾರಿನ ಭಾಗವಲ್ಲ, ಆದ್ದರಿಂದ ಕೂಲಿಯಲ್ಲ ಎಂದಿತು ಅದೇ ಸುಪ್ರೀಂ ಕೋರ್ಟು. ಎರಡೂ ಕಡೆ ಹಣ ಕಾರ್ಮಿಕನ ಕೈ ಸೇರಿದೆ. ಒಂದು ಸಲ್ಲಬೇಕಾದದ್ದು, ಇನ್ನೊಂದು ದಯೆಯಿಂದ ಬಂದದ್ದು. ಒಪ್ಪಂದ ಪತ್ರದಲ್ಲಿ ‘ಆಡಳಿತ ವರ್ಗದ ವಿವೇಚನೆಗೆ ಒಳಪಟ್ಟು’ ಎಂಬ ನಾಲ್ಕು ಪದಗಳು ಎಲ್ಲಿವೆಯೆಂದು ನಾನು ಹುಡುಕುವುದು ಇದಕ್ಕೇ. ಆ ಸಾಲಿನ ಕೆಳಗಿರುವ ಹಣ ಮುಂದಿನ ವರ್ಷ ಇರಬಹುದು, ಇಲ್ಲದಿರಬಹುದು.

ಹೆಸರಿನ ಈ ಆಟಕ್ಕೆ ಈಗ ಒಂದು ಮಿತಿ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ, ಕೂಲಿಯಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗ ಮತ್ತೆ ಕೂಲಿಯೊಳಗೆ ಬರುತ್ತದೆ. ಆ ಅರ್ಧದೊಳಗೆ ಮಾತ್ರ ಹಳೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಮುಂದಿನ ಒಪ್ಪಂದದ ಸಭೆಯಲ್ಲೂ ಮೊತ್ತ ಒಪ್ಪಿಗೆಯಾದ ಮೇಲೆ ಯಾರಾದರೊಬ್ಬರು, ‘ಸರಿ, ಇದನ್ನು ಯಾವ ಕಾಲಮ್ಮಿಗೆ ಬರೆಯೋಣ?’ ಎಂದು ಕೇಳಲೇಬೇಕಾಗುತ್ತದೆ.