ಗೇರು ತೋಟದ ಲೆಕ್ಕಪುಸ್ತಕದ ಹೊರಗೆ: ಎಣ್ಮಕಜೆಯ ಎಂಡೋಸಲ್ಫಾನ್ ಮತ್ತು ಹೊರವೆಚ್ಚದ ಪ್ರಶ್ನೆ

ಗಡಿಯಾಚೆಯ ಕನ್ನಡಿಗರ ವಿಷಯ ಬಂದಾಗ ಕಾಸರಗೋಡು ಅಂದ ಕೂಡಲೆ ನಾವು ಮಹಾಜನ ವರದಿ, ಕನ್ನಡ ಶಾಲೆ, ಭಾಷೆಯ ಹಕ್ಕು ಇವನ್ನೇ ಮಾತಾಡ್ತೇವೆ. ನಾನೂ ಅಲ್ಲಿಯವಳೇ, ಅದೆಲ್ಲ ಮುಖ್ಯ ಅಲ್ಲ ಅಂತ ಹೇಳುವುದಿಲ್ಲ. ಆದರೆ ಇವತ್ತು ಒಂದು ಲೆಕ್ಕದ ಕಥೆ ಹೇಳಬೇಕು ಅಂತ ಬಂದಿದ್ದೇನೆ. ಸಾಹಿತ್ಯದ ವಿದ್ಯಾರ್ಥಿನಿಗೆ ಅರ್ಥಶಾಸ್ತ್ರ ಯಾಕೆ ಅಂತ ನೀವು ಕೇಳಬಹುದು. ಎಂಡೋಸಲ್ಫಾನ್ ಬಗ್ಗೆ ಬಂದ ಬರಹಗಳನ್ನು ಓದುವಾಗ ನೋವಿನ ಚಿತ್ರ ಎಲ್ಲ ಕಡೆ ಸಿಕ್ಕಿತು. ಆ ನೋವಿನ ಖರ್ಚನ್ನು ಯಾರು ಕೊಟ್ಟರು, ಯಾರು ಕೊಡಬೇಕಿತ್ತು ಎನ್ನುವುದು ಮಾತ್ರ ಸರಿಯಾಗಿ ಸಿಗಲಿಲ್ಲ. ಅದಕ್ಕೇ ಈ ಪ್ರಯತ್ನ.

ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳೋಣ. ಕೊಳ್ಳುವವನೂ ಅಲ್ಲದ, ಮಾರುವವನೂ ಅಲ್ಲದ ಮೂರನೆಯವನ ಮೇಲೆ ಬೀಳುವ ನಷ್ಟಕ್ಕೆ ಅರ್ಥಶಾಸ್ತ್ರದಲ್ಲಿ ಎಕ್ಸ್‌ಟರ್ನಾಲಿಟಿ ಎನ್ನುತ್ತಾರೆ. ಕನ್ನಡದ ಪಠ್ಯಗಳಲ್ಲಿ ಇದಕ್ಕೆ 'ಬಾಹ್ಯ ಪರಿಣಾಮ' ಎಂಬ ಮಾತಿದೆ. ನಾನು 'ಹೊರವೆಚ್ಚ' ಅಂತ ಹೇಳ್ತೇನೆ, ಯಾಕೆಂದರೆ ಅದು ನಿಜವಾಗಿಯೂ ವೆಚ್ಚವೇ. ಯಾರೋ ಕೊಡ್ತಾರೆ, ಆದರೆ ಅದು ಲೆಕ್ಕಪುಸ್ತಕದ ಹೊರಗೆ ಉಳಿಯುತ್ತದೆ. ಕಾರ್ಖಾನೆಯ ಹೊಗೆ ಇದರ ಹಳೆಯ ಉದಾಹರಣೆ. ನಮ್ಮ ಕಡೆ ಹೊಗೆಯೂ ಇರಲಿಲ್ಲ, ಕಾರ್ಖಾನೆಯೂ ಇರಲಿಲ್ಲ. ಇದ್ದದ್ದು ಗುಡ್ಡದ ಮೇಲಿನ ಗೇರು ತೋಟ.

ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಕಡೆ ನೋಡದವರಿಗೆ ನೆಲದ ರೂಪ ಹೇಳಬೇಕು. ಗುಡ್ಡದ ನೆತ್ತಿಯಲ್ಲಿ ಗೇರು, ಇಳಿಜಾರಿನಲ್ಲಿ ಕಾಡು, ಕೆಳಗೆ ಅಡಿಕೆ ತೋಟ, ಮನೆ, ತೋಡು. ಕುಡಿಯುವ ನೀರು ಬಾವಿಯಿಂದ, ಇಲ್ಲವೇ ಸುರಂಗದಿಂದ. ಸುರಂಗ ಅಂದರೆ ಗುಡ್ಡದ ಬದಿಗೆ ಅಡ್ಡವಾಗಿ ಕೊರೆದ ದಾರಿ. ಗುಡ್ಡದೊಳಗೆ ಇಂಗಿದ ನೀರು ಅದರಲ್ಲಿ ತಾನಾಗಿಯೇ ಹರಿದು ಬಂದು ಕೆರೆಗೆ ಬೀಳುತ್ತದೆ. ಅಂದರೆ ಮೇಲೆ ಏನು ಬಿದ್ದರೂ ಕೆಳಗಿನವರ ನೀರಿಗೆ ಬರುವ ದಾರಿ ಅಲ್ಲಿ ಮೊದಲಿನಿಂದಲೇ ಇದೆ.

ಈ ಗೇರು ತೋಟಗಳು ಕೇರಳ ಸರಕಾರದ ಒಡೆತನದ ಪ್ಲಾಂಟೇಷನ್ ಕಾರ್ಪೊರೇಷನ್ನಿನವು. ಕಾಸರಗೋಡು ಜಿಲ್ಲೆಯಲ್ಲಿ ಇವು ಎರಡು ಸಾವಿರ ಹೆಕ್ಟೇರಿಗೂ ಮೀರಿ ಹರಡಿವೆ. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟ ಇಳುವರಿಯನ್ನು ಹಾಳುಮಾಡುತ್ತದೆ. ಅದನ್ನು ತಡೆಯಲು 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಆಳಿಟ್ಟು ಮರದಿಂದ ಮರಕ್ಕೆ ಹೊಡೆಸುವುದಕ್ಕಿಂತ ಅದು ಬೇಗ ಮುಗಿಯುವ ಕೆಲಸ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ನಾನು ವಿವರಣೆಗೆ ಇಟ್ಟವು, ಯಾವ ದಾಖಲೆಯಿಂದಲೂ ತೆಗೆದದ್ದಲ್ಲ. ಒಂದು ತುಂಡು ತೋಟಕ್ಕೆ ಆಳಿಟ್ಟು ಔಷಧಿ ಹೊಡೆಸಲು 100 ರೂಪಾಯಿ, ಹೆಲಿಕಾಪ್ಟರಿಗೆ 60 ರೂಪಾಯಿ ಅಂತಿಟ್ಟುಕೊಳ್ಳಿ. ಮ್ಯಾನೇಜರ್ 60 ರೂಪಾಯಿಯದನ್ನೇ ಆರಿಸ್ತಾನೆ. ಅವನು ಕೆಟ್ಟವನು ಅಂತಲ್ಲ, ಅವನ ಪುಸ್ತಕದಲ್ಲಿ ಬರುವುದೇ ಅಷ್ಟು. ಈಗ ಕೆಳಗಿನ ಮನೆಗಳಿಗೆ ಆಗುವ ನಷ್ಟ, ಅಂದರೆ ಜೇನು ಸತ್ತದ್ದು, ಮೀನು ಸತ್ತದ್ದು, ಆಸ್ಪತ್ರೆಯ ಖರ್ಚು, ಕೆಲಸ ಬಿಟ್ಟು ಮಗುವನ್ನು ನೋಡಿಕೊಂಡದ್ದು ಎಲ್ಲ ಸೇರಿ 90 ರೂಪಾಯಿ ಆಯಿತು ಅನ್ನಿ. ಊರಿನ ಒಟ್ಟು ಲೆಕ್ಕದಲ್ಲಿ ಹೆಲಿಕಾಪ್ಟರಿನ ಬೆಲೆ 150. ಅಗ್ಗ ಅಂತ ಕಂಡದ್ದು ನಿಜಕ್ಕೂ ತುಟ್ಟಿಯೇ ಆಗಿತ್ತು.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರ ತನ್ನ ಗ್ರಂಥದಲ್ಲಿ ಬೆಳೆಸಿದ ವಿಚಾರದಿಂದ ಇದಕ್ಕೊಂದು ಪರಿಹಾರ ಬರುತ್ತದೆ: ಆ 90 ರೂಪಾಯಿಯನ್ನು ತೆರಿಗೆಯಾಗಿ ಹಾಕಿ. ಆಗ ಮ್ಯಾನೇಜರನ ಪುಸ್ತಕದಲ್ಲೇ 150 ಕಾಣಿಸುತ್ತದೆ, ಯಾರೂ ಆಜ್ಞೆ ಮಾಡದೆಯೇ ಅವನು ಆಳಿಟ್ಟು ಹೊಡೆಸ್ತಾನೆ. ತುಂಬಾ ಚಂದದ ವಿಚಾರ. ಆದರೆ ಎಣ್ಮಕಜೆಗೆ ತಂದು ನೋಡಿದರೆ ಎರಡು ಕಡೆ ಸಿಕ್ಕಿಕೊಳ್ಳುತ್ತದೆ.

ಒಂದು, ನಷ್ಟ ಎಲ್ಲ ಕಡೆ ಒಂದೇ ಅಲ್ಲ. ಕೆಳಗೆ ಮನೆಯಿಲ್ಲದ ಒಣ ನೆತ್ತಿಯಲ್ಲಿ ಅದು 10 ರೂಪಾಯಿ ಆಗಬಹುದು, ಸುರಂಗದ ಕೆರೆಯ ಮೇಲಿನ ಇಳಿಜಾರಿನಲ್ಲಿ 300 ಆಗಬಹುದು. ಗಾಳಿ ತಿರುಗಿದರೆ ಮತ್ತೆ ಬೇರೆ. ಲೀಟರಿಗೆ ಇಷ್ಟು ಅಂತ ಒಂದೇ ತೆರಿಗೆ ಹಾಕಿದರೆ ನೆತ್ತಿಯಲ್ಲಿ ಅದು ಹೆಚ್ಚಾಯಿತು, ಕೆರೆಯ ಮೇಲೆ ಕಡಿಮೆಯಾಯಿತು. ಎರಡು, ತೆರಿಗೆಗೆ ಮೊದಲು ಆ 90 ಎಂಬ ಸಂಖ್ಯೆ ಬೇಕಲ್ಲ? ಸಿಂಪಡಣೆ ಶುರುವಾಗುವ ಮೊದಲು ಆ ಊರಿನ ಆರೋಗ್ಯ ಹೇಗಿತ್ತು ಎಂದು ಯಾರೂ ಅಳೆದಿಡಲಿಲ್ಲ. ಪತ್ರಕರ್ತ ಶ್ರೀ ಪಡ್ರೆಯವರು ಆರಂಭದ ವರ್ಷಗಳಲ್ಲೇ ಇದರ ಬಗ್ಗೆ ಬರೆದರು. ಊರಿನ ವೈದ್ಯರಾದ ಡಾ. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಅಸಹಜ ಕಾಯಿಲೆಗಳು ಒಂದೇ ಕಡೆ ಗುಂಪಾಗಿ ಕಾಣುವುದನ್ನು ಗುರುತಿಸಿದರು. ಆದರೂ ಸರಿಯಾದ ಅಳತೆ ಬಂದದ್ದು ಇಪ್ಪತ್ತು ವರ್ಷ ಕಳೆದ ಮೇಲೆ. 2003ರಲ್ಲಿ ಪ್ರಕಟವಾದ, ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರ ಅಧ್ಯಯನದಲ್ಲಿ ಗೇರು ಗುಡ್ಡದ ಬುಡದ ಊರಿನ 117 ಹುಡುಗರನ್ನು, ಸಿಂಪಡಣೆಯಿಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿದರು. ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ಪ್ರಮಾಣ ಮೊದಲ ಗುಂಪಿನಲ್ಲಿ 7.47 ಪಿಪಿಬಿ, ಎರಡನೆಯದರಲ್ಲಿ 1.37. ಮೊದಲ ಗುಂಪಿನ ಹುಡುಗರ ಲೈಂಗಿಕ ಬೆಳವಣಿಗೆ ತಡವಾಗಿರುವುದನ್ನೂ ಅವರು ಗುರುತಿಸಿದರು. ಇದು ಗುಂಪಿನ ಸರಾಸರಿ ಹೇಳುವ ಮಾತು. ಇಂಥದೇ ಮಗುವಿನ ಇಂಥದೇ ಕಾಯಿಲೆ ಇದರಿಂದಲೇ ಅಂತ ತೋರಿಸುವುದು ಬೇರೆಯೇ ಕೆಲಸ. ಆ ಎರಡರ ನಡುವಿನ ಸಂದಿನಲ್ಲೇ ವರ್ಷಗಟ್ಟಲೆ ವಾದ ನಡೆಯಿತು.

ಹಾಗಾದರೆ ತೆರಿಗೆ ಬಿಟ್ಟು ನಿಯಮ? ನಿಯಮ ಇಲ್ಲದೆ ಇರಲಿಲ್ಲ. 1968ರ ಕೀಟನಾಶಕ ಕಾಯ್ದೆ ಇತ್ತು. ಆಕಾಶದಿಂದ ಸಿಂಪಡಿಸುವಾಗ ಮರದ ತುದಿಯಿಂದ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದು, ಜನರಿಗೆ ಮೊದಲೇ ತಿಳಿಸಬೇಕು, ನೀರಿನ ಮೂಲಗಳನ್ನು ಮುಚ್ಚಿಡಬೇಕು ಎಂಬ ಷರತ್ತುಗಳಿದ್ದವು. ಸಮತಟ್ಟು ನೆಲಕ್ಕೆ ಇದು ಸರಿ. ಏರಿಳಿತದ ಗುಡ್ಡದಲ್ಲಿ ಅಷ್ಟು ಕೆಳಗೆ ಹೆಲಿಕಾಪ್ಟರ್ ಹಾರಿಸುವುದು ಹೇಗೆ? ಮೇಲೆ ಹಾರಿದಷ್ಟೂ ಮಂಜಿನಂಥ ಹನಿ ಗಾಳಿಯಲ್ಲಿ ದೂರ ಹೋಗುತ್ತದೆ.

ನೀರು ಮುಚ್ಚುವ ವಿಷಯವನ್ನು ನಾನು ಅಜ್ಜಿಯ ಹತ್ತಿರ ಕೇಳಿದೆ. "ಬಾವಿಗೆ ಮಡಲು ಹಾಕಿದೆವು ಮಗಾ. ಕೆರೆಗೆ ಎಂತ ಹಾಕುವುದು? ತೋಡಿಗೆ ಎಂತ ಹಾಕುವುದು?" ಅಂದರು. ಈ ಒಂದು ಮಾತಿನಲ್ಲಿ ನನಗೆ ಇಡೀ ವಿಷಯ ತಿಳಿಯಿತು. ಹೊರವೆಚ್ಚ ತಡೆಯಲು ಮಾಡಿದ ನಿಯಮವೇ ತನ್ನ ಖರ್ಚನ್ನು ಕೆಳಗಿನ ಮನೆಗೆ ಹಾಕಿತ್ತು. ಮಡಲು ಹೆಣೆಯುವ ಕೂಲಿ ಕೂಡ ಯಾವ ಪುಸ್ತಕದಲ್ಲೂ ಬರಲಿಲ್ಲ. ಮೇಲಾಗಿ ಸಿಂಪಡಿಸುವ ಸಂಸ್ಥೆಯೂ ಸರಕಾರದ್ದು, ನಿಯಮ ನೋಡಿಕೊಳ್ಳುವುದೂ ಸರಕಾರ. ಇಂಥ ಕಡೆ ತೆರಿಗೆ ಹಾಕಿದ್ದರೂ ಒಂದು ಕಿಸೆಯ ದುಡ್ಡು ಇನ್ನೊಂದು ಕಿಸೆಗೆ ಹೋಗುತ್ತಿತ್ತು, ಅಷ್ಟೇ.

ಕೊನೆಗೆ ಕೆಲಸ ಮಾಡಿದ್ದು ನಿಷೇಧ. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗ ಮುನ್ಸಿಫ್ ಕೋರ್ಟಿಗೆ ಹೋದರು, ತಡೆಯಾಜ್ಞೆ ಸಿಕ್ಕಿತು. 2000ದ ಹೊತ್ತಿಗೆ ಆಕಾಶ ಸಿಂಪಡಣೆ ನಿಂತಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಮುಂದಿನ ತಿಂಗಳಲ್ಲೇ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿತು. ವೈಟ್ಸ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1974ರಲ್ಲಿ ತೋರಿಸಿದ ವಿಚಾರ ಇಲ್ಲಿ ಹೊಂದುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ ನಷ್ಟ ಕಡಿದಾಗಿ ಏರುವಲ್ಲಿ, ಬೆಲೆಯನ್ನು ಊಹಿಸಿ ತಪ್ಪುವುದಕ್ಕಿಂತ ಪ್ರಮಾಣವನ್ನೇ ಕಟ್ಟುವುದು ಲೇಸು. ನಷ್ಟ ಹಿಂದಿರುಗಿಸಲಾಗದ್ದು, ಬಿಟ್ಟರೆ ತೋಟಕ್ಕಾಗುವ ಖರ್ಚು ತಡೆದುಕೊಳ್ಳುವಂಥದ್ದು ಎಂದಾದರೆ ಆ ಪ್ರಮಾಣ ಸೊನ್ನೆಯೇ ಆಗಬಹುದು.

ಆದರೆ ನಿಷೇಧ ಮುಂದಿನ ನಷ್ಟವನ್ನು ಮಾತ್ರ ತಡೆಯುತ್ತದೆ. ಹಿಂದಿನ ಇಪ್ಪತ್ತು ವರ್ಷಗಳ ಬಿಲ್ಲು ಹಾಗೆಯೇ ಉಳಿಯಿತು. 'ಮಲಿನ ಮಾಡಿದವನೇ ತೆರಬೇಕು' ಎಂಬ ತತ್ವವನ್ನು ಸುಪ್ರೀಂ ಕೋರ್ಟು ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ 1996ರಲ್ಲೇ ಈ ದೇಶದ ಕಾನೂನಿನ ಭಾಗ ಎಂದಿತ್ತು. ಎಂಡೋಸಲ್ಫಾನ್ ವಿಷಯದಲ್ಲಿ 2017ರ ಜನವರಿಯಲ್ಲಿ ಅದೇ ಕೋರ್ಟು ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡುವಂತೆ ಕೇರಳ ಸರಕಾರಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಕೋರ್ಟು ನೋಡಿದಾಗ 3704 ಜನರಲ್ಲಿ ದುಡ್ಡು ಸಿಕ್ಕಿದ್ದು 8 ಜನರಿಗೆ. ಆ 8 ಜನ ಕೋರ್ಟಿಗೆ ಹೋದವರು.

3704ನ್ನು 5 ಲಕ್ಷದಿಂದ ಗುಣಿಸಿ: ಸುಮಾರು 185 ಕೋಟಿ. ಇದು ಗೇರುಬೀಜದ ಬೆಲೆಯಲ್ಲಿ ಸೇರಬೇಕಿದ್ದ ದುಡ್ಡು. ಕೊಡಬೇಕಾದ್ದು ಮಾತ್ರ ಸರಕಾರದ ಖಜಾನೆ. ಖಜಾನೆ ಅಂದರೆ ಯಾರು? ಅಂಗಡಿಯಲ್ಲಿ ಸಾಬೂನು ಕೊಂಡು ತೆರಿಗೆ ಕೊಡುವ ನಮ್ಮ ಅಜ್ಜಿಯೂ ಸೇರಿದ್ದಾರೆ. ಅಂದರೆ ಹೊರವೆಚ್ಚ ಎರಡನೆಯ ಸಲವೂ ಹೊರಗೇ ಹೋಯಿತು.

ಚರ್ಚೆಯಲ್ಲಿ ಒಬ್ಬ ಮೇಷ್ಟ್ರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. "ಕೋಸ್ 1960ರಲ್ಲಿ ಹೇಳಿದ ಹಾಗೆ ತೋಟದವರೂ ಊರವರೂ ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳಬಹುದಿತ್ತಲ್ಲ?" ನನ್ನ ಉತ್ತರ ಇದು, ಸರ್. ಮಾತುಕತೆಗೆ ಸುಮ್ಮನೆ ಖರ್ಚು ಬೀಳದಿದ್ದರೆ, ಹಕ್ಕು ಯಾರದು ಅಂತ ಸ್ಪಷ್ಟ ಇದ್ದರೆ ಅದು ನಡೆಯುತ್ತದೆ ಎಂದು ಕೋಸ್ ಹೇಳಿದ್ದು. ಅಂಥ ಸ್ಥಿತಿ ಅಪರೂಪ ಅಂತ ಅವರೇ ಒಪ್ಪಿದ್ದರು. ಇಲ್ಲಿ ಒಂದು ಕಡೆ ಒಂದು ಕಾರ್ಪೊರೇಷನ್, ಇನ್ನೊಂದು ಕಡೆ ಹನ್ನೊಂದು ಪಂಚಾಯತುಗಳಲ್ಲಿ ಚದುರಿದ ಮನೆಗಳು. ಮನೆಯೊಳಗೆ ತುಳುವೋ ಕನ್ನಡವೋ ಆಡುವ, ಮಲಯಾಳದಲ್ಲಿ ಅರ್ಜಿ ಬರೆಸಲು ಇನ್ನೊಬ್ಬರನ್ನು ಹುಡುಕುವ ಜನರೂ ಅವರಲ್ಲಿದ್ದರು. ಆ ಹುಡುಕಾಟವೂ ಒಂದು ಖರ್ಚೇ. ನಾವು ಗಡಿನಾಡಿನ ಭಾಷೆಯ ಪ್ರಶ್ನೆ ಅನ್ನುವುದು ಈ ಲೆಕ್ಕಕ್ಕೆ ಸೇರುವುದು ಇಲ್ಲಿಯೇ. ನಷ್ಟ ಆಗಿದೆ ಅಂತ ಹೇಳುವುದಕ್ಕೇ ದುಡ್ಡು ಬೀಳುವವರ ನಷ್ಟ ಕೊನೆಗೆ ಎಣಿಕೆಗೆ ಬರುತ್ತದೆ. ಎಣ್ಮಕಜೆಯಲ್ಲಿ ಅದು ಬರಲು ಇಪ್ಪತ್ತು ವರ್ಷ ಹಿಡಿಯಿತು.