ಆರ್ಟಿಕಲ್‌ಶಿಪ್: ಪಶ್ಚಿಮ ಬೆಂಗಳೂರಿನ ಆಡಿಟರ್ ಕಚೇರಿಗಳಲ್ಲಿ ತರಬೇತಿಯ ಇತಿಹಾಸ

ಆರ್ಟಿಕಲ್‌ಶಿಪ್ ಎಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗಬಯಸುವ ವಿದ್ಯಾರ್ಥಿ ವೃತ್ತಿನಿರತ ಸಿಎ ಒಬ್ಬರ ಕೈಕೆಳಗೆ ಕರಾರು ಮಾಡಿಕೊಂಡು ಪಡೆಯುವ ಕಡ್ಡಾಯ ತರಬೇತಿ. ತರಬೇತಿ ಕೊಡುವವರನ್ನು ಪ್ರಿನ್ಸಿಪಲ್ ಎಂದು ಕರೆಯುತ್ತಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದ ಬಿ.ಕಾಂ. ವಿದ್ಯಾರ್ಥಿಗಳಿಗೆ ಇದರ ಬಗ್ಗೆ ಸಿಗುವ ಸಲಹೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರು ಮೂರು ವರ್ಷ ಎನ್ನುತ್ತಾರೆ, ಇನ್ನೊಬ್ಬರು ಎರಡು. ಒಬ್ಬರು ಮೊದಲ ಗ್ರೂಪ್ ಪಾಸಾದರೆ ಸಾಕು ಎಂದರೆ, ಇನ್ನೊಬ್ಬರು ಎರಡೂ ಆಗಬೇಕು ಎನ್ನುತ್ತಾರೆ. ಇವರಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ಪ್ರತಿಯೊಬ್ಬರೂ ತಾವು ಸೇರಿದ ವರ್ಷದ ನಿಯಮವನ್ನು ಹೇಳುತ್ತಿರುತ್ತಾರೆ.

ಪದ್ಧತಿಯ ಬೇರು ಬ್ರಿಟಿಷರ ಕಾಲದ್ದು. 1918ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸರ್ಕಾರಿ ಅಕೌಂಟೆನ್ಸಿ ಡಿಪ್ಲೊಮಾಕ್ಕೂ ಮೂರು ವರ್ಷದ ಆರ್ಟಿಕಲ್ಸ್ ಬೇಕಿತ್ತು. ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ 1949ರ ಜುಲೈ 1ರಂದು ಜಾರಿಗೆ ಬಂದು, ತರಬೇತಿಯ ಹೊಣೆ ಐಸಿಎಐ ಸಂಸ್ಥೆಗೆ ಸೇರಿತು. ಕೆಲಸ ಕಲಿಯುವವನೇ ಗುರುವಿಗೆ ಪ್ರೀಮಿಯಂ ಹಣ ಕೊಡುವ ಹಳೆಯ ರೂಢಿಯನ್ನು 1988ರ ನಿಯಮಾವಳಿ ಒಪ್ಪುವುದಿಲ್ಲ. ಅದರ 47ನೇ ನಿಯಮದಂತೆ ಪ್ರಿನ್ಸಿಪಲ್ ವಿದ್ಯಾರ್ಥಿಯಿಂದ ಹಣ ಪಡೆಯುವಂತಿಲ್ಲ. 48ನೇ ನಿಯಮದಂತೆ ತಾನೇ ಸ್ಟೈಪೆಂಡ್ ಕೊಡಬೇಕು. ಅದರ ಕನಿಷ್ಠ ಮೊತ್ತ ಊರಿನ ಜನಸಂಖ್ಯೆಯ ಮೇಲೆ ನಿಂತಿದೆ, ಬೆಂಗಳೂರು ಮೇಲಿನ ದರ್ಜೆಯಲ್ಲಿದೆ. ಸ್ಟೈಪೆಂಡ್ ಪ್ರತಿ ತಿಂಗಳೂ ಚೆಕ್ ಮೂಲಕ ಇಲ್ಲವೇ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರಬೇಕು.

ಗೊಂದಲ ಹುಟ್ಟಿದ್ದು ಕಳೆದ ಎರಡು ದಶಕಗಳಲ್ಲಿ. 2006ರ ಪಠ್ಯಕ್ರಮದಲ್ಲಿ ಸಿಪಿಟಿ ಪ್ರವೇಶ ಪರೀಕ್ಷೆ ಪಾಸಾದ ಕೂಡಲೇ ಮೂರೂವರೆ ವರ್ಷದ ತರಬೇತಿಗೆ ಸೇರಬಹುದಿತ್ತು. ಪಿಯುಸಿ ಮುಗಿಸಿದ ಹುಡುಗರು ಬೆಳಿಗ್ಗೆ ಅಥವಾ ಸಂಜೆ ಕಾಲೇಜು ಹಿಡಿದು, ಹಗಲು ಆಡಿಟರ್ ಕಚೇರಿಯಲ್ಲಿ ಕೂರುತ್ತಿದ್ದರು. 2008ರ ಕೊನೆಗೆ ಬಂದ ಐಪಿಸಿಸಿಯಲ್ಲಿ ಮೊದಲ ಗ್ರೂಪ್ ಪಾಸಾಗುವುದು ಷರತ್ತಾಯಿತು, ಅವಧಿ ಮೂರು ವರ್ಷಕ್ಕಿಳಿಯಿತು. 2012ರಿಂದ ನಿಗದಿತ ಅಂಕ ಪಡೆದ ಪದವೀಧರರಿಗೆ ನೇರ ಪ್ರವೇಶದ ದಾರಿ ತೆರೆಯಿತು. 2023ರ ಜುಲೈ 1ರಿಂದ ಜಾರಿಯಾದ ಯೋಜನೆ ಈ ಎಲ್ಲವನ್ನೂ ಬದಲಿಸಿತು. ಈಗ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾಗಿ, ಐಸಿಐಟಿಎಸ್ಎಸ್ ತರಬೇತಿ ಮುಗಿಸಿದ ಮೇಲೆಯೇ ಆರ್ಟಿಕಲ್‌ಶಿಪ್. ಅವಧಿ ಎರಡು ವರ್ಷ, ರಜೆ ವರ್ಷಕ್ಕೆ ಹನ್ನೆರಡು ದಿನ. ಮುಗಿದ ಬಳಿಕ ಆರು ತಿಂಗಳ ಓದು, ಆಮೇಲೆ ಫೈನಲ್ ಪರೀಕ್ಷೆ.

ತರಬೇತಿಗೆ ಸೇರುವ ಸಂಸ್ಥೆಯ ಆಯ್ಕೆಯ ದೃಷ್ಟಿಯಿಂದ ಇಷ್ಟೇ ದೊಡ್ಡ ತಿರುವು ಇನ್ನೊಂದಿದೆ. ಬರೆದಿಟ್ಟ ಚರಿತ್ರೆಗಳು ಅದನ್ನು ಹೆಚ್ಚಾಗಿ ಬಿಟ್ಟಿರುತ್ತವೆ. ಅದು ಕಚೇರಿಯೊಳಗಿನ ಕೆಲಸವೇ ಬದಲಾದ ಕಥೆ. 1984ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಗೆ 44ಎಬಿ ಕಲಂ ಸೇರಿಸಿ, ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿದ ವ್ಯಾಪಾರಕ್ಕೆ ತೆರಿಗೆ ಆಡಿಟ್ ಕಡ್ಡಾಯ ಮಾಡಿತು. ಪೀಣ್ಯ, ಕಾಮಾಕ್ಷಿಪಾಳ್ಯ, ರಾಜಾಜಿನಗರ ಕೈಗಾರಿಕಾ ಬಡಾವಣೆಯ ಸಣ್ಣ ವರ್ಕ್‌ಶಾಪ್‌ಗಳು ಮೆಲ್ಲಗೆ ಈ ಮಿತಿಯನ್ನು ದಾಟಿದವು. ಮನೆಯ ಕೆಳಮಹಡಿಯಲ್ಲಿ ನಡೆಯುವ ಸಣ್ಣ ಆಡಿಟರ್ ಕಚೇರಿಗೂ ಅಪ್ಪಟ ಆಡಿಟ್ ಕೆಲಸ ಸಿಕ್ಕಿತು. ಸೆಪ್ಟೆಂಬರ್ ಬಂತೆಂದರೆ ಮೇಜಿನ ಮೇಲೆ ಬಿಲ್ಲಿನ ಕಟ್ಟುಗಳು. ವಿದ್ಯಾರ್ಥಿ ಹಸಿರು ಪೆನ್ನು ಹಿಡಿದು ಒಂದೊಂದು ವೋಚರನ್ನೂ ಲೆಡ್ಜರಿನ ನಮೂದಿಗೆ ತಾಳೆ ನೋಡಿ ಟಿಕ್ ಹಾಕುವನು. ತಾಳೆಯಾಗದಿದ್ದರೆ ಪಕ್ಕದಲ್ಲಿ ಗುರುತಿಟ್ಟು ಪ್ರಶ್ನೆ ಬರೆಯುವನು. ಆ ಪ್ರಶ್ನೆ ಬರೆಯುವುದರಲ್ಲೇ ಆಡಿಟ್ ಕಲಿಕೆ ಇತ್ತು.

ಆಮೇಲೆ ಮಿತಿ ಏರುತ್ತ ಹೋಯಿತು. ಮೊದಲು 60 ಲಕ್ಷ, ನಂತರ 1 ಕೋಟಿ. ನಗದು ವ್ಯವಹಾರ ಶೇಕಡಾ 5ರೊಳಗಿದ್ದರೆ 2020ರ ತಿದ್ದುಪಡಿಯಲ್ಲಿ 5 ಕೋಟಿ, 2021ರದ್ದರಲ್ಲಿ 10 ಕೋಟಿ. 2017ರ ಜುಲೈ 1ರಂದು ಬಂದ ಜಿಎಸ್‌ಟಿಯಲ್ಲೂ ಸಿಎ ಸಹಿಯ ವಾರ್ಷಿಕ ಆಡಿಟ್ ಇತ್ತು, 2020-21ರ ಹಣಕಾಸು ವರ್ಷದಿಂದ ಅದನ್ನು ತೆಗೆದು ವ್ಯಾಪಾರಿಯ ಸ್ವಯಂ ದೃಢೀಕರಣಕ್ಕೆ ಬಿಟ್ಟರು. ವರ್ಕ್‌ಶಾಪ್ ಮಾಲೀಕನಿಗೆ ಇದು ಹಗುರವಾಯಿತು. ಬ್ಯಾಂಕ್ ಮೂಲಕವೇ ವ್ಯವಹರಿಸುವ ಸಣ್ಣ ಗಿರಾಕಿಗಳನ್ನೇ ನಂಬಿದ ಕಚೇರಿಯಲ್ಲಿ ಮಾತ್ರ ಆಡಿಟ್ ಕಡಿಮೆಯಾಗಿ, 11ನೇ ತಾರೀಕಿನ ಜಿಎಸ್‌ಟಿಆರ್-1, 20ನೇ ತಾರೀಕಿನ 3ಬಿ ರಿಟರ್ನ್‌ಗಳೇ ತಿಂಗಳನ್ನು ತುಂಬಿದವು. ಈ ಕೆಲಸವನ್ನು ಮೂರು ತಿಂಗಳಲ್ಲಿ ಕಲಿಯಬಹುದು. ಎರಡು ವರ್ಷವೂ ಅದನ್ನೇ ಮಾಡಿದವರಿಗೆ ಫೈನಲ್‌ನ ಆಡಿಟ್ ಪತ್ರಿಕೆ ಪುಸ್ತಕದ ಮಾತಾಗಿಯೇ ಉಳಿಯುತ್ತದೆ.

ಹಾಗಾಗಿ ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆ ಕಚೇರಿ ದೊಡ್ಡದೋ ಚಿಕ್ಕದೋ ಎಂಬುದಲ್ಲ. ಎರಡನೇ ವರ್ಷದ ವಿದ್ಯಾರ್ಥಿ ಕಳೆದ ಸೆಪ್ಟೆಂಬರಿನಲ್ಲಿ ಏನು ಮಾಡಿದ, ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಯ ಆಡಿಟ್‌ಗೆ ಹೋಗಿದ್ದನೇ, ಕಂಪನಿ ಆಡಿಟ್‌ನ ವರ್ಕಿಂಗ್ ಪೇಪರ್ ಯಾರು ಬರೆಯುತ್ತಾರೆ ಎಂದು ಕೇಳಬೇಕು. ಉತ್ತರವನ್ನು ಪ್ರಿನ್ಸಿಪಲ್ ಬಾಯಿಂದ ಕೇಳಿದಂತೆಯೇ ಅಲ್ಲಿ ಈಗಿರುವ ವಿದ್ಯಾರ್ಥಿಯ ಬಾಯಿಂದಲೂ ಕೇಳಬೇಕು. ಸಂಸ್ಥೆಗೆ ಐಸಿಎಐನ ಪೀರ್ ರಿವ್ಯೂ ಪ್ರಮಾಣಪತ್ರ ಇದ್ದರೆ ಸಾಮಾನ್ಯವಾಗಿ ಅಲ್ಲಿ ಆಡಿಟ್ ಕಡತಗಳಿವೆ, ಅವುಗಳನ್ನು ಹೊರಗಿನವರು ನೋಡಿದ್ದಾರೆ ಎಂದರ್ಥ. ಆ ಕಡತ ನಿಮ್ಮ ಕೈಗೆ ಬರುತ್ತದೆಯೇ ಎಂಬುದನ್ನು ಪ್ರಮಾಣಪತ್ರ ಹೇಳುವುದಿಲ್ಲ.

ಬರೀ ಹೆಸರು ನೋಂದಾಯಿಸಿ ಕಚೇರಿಗೆ ಬರಬೇಡ ಎನ್ನುವ ‘ಡಮ್ಮಿ’ ಆರ್ಟಿಕಲ್‌ಶಿಪ್ ಈ ಇತಿಹಾಸದ ಕೆಟ್ಟ ಭಾಗ. ಖಾತೆಗೆ ಹಾಕಿದ ಸ್ಟೈಪೆಂಡನ್ನು ನಗದಾಗಿ ಹಿಂತಿರುಗಿಸು ಎನ್ನುವುದು ಅದರ ಸಾಮಾನ್ಯ ಗುರುತು. ಸಿಕ್ಕಿಬಿದ್ದರೆ ತರಬೇತಿಯ ಅವಧಿಯೇ ರದ್ದಾಗಬಹುದು, ನಷ್ಟ ವಿದ್ಯಾರ್ಥಿಯದು.

ಯಾವಾಗ ಸೇರಬೇಕು ಎಂಬ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಕೆಂಗೇರಿಯ ವಿದ್ಯಾರ್ಥಿನಿಯೊಬ್ಬಳು 2024ರ ಮೇ ಪರೀಕ್ಷೆಯಲ್ಲಿ ಎರಡೂ ಗ್ರೂಪ್ ಪಾಸಾದಳು ಎನ್ನೋಣ. ಫಲಿತಾಂಶ ಬಂದದ್ದು ಜುಲೈ 11ಕ್ಕೆ. ಆಗಸ್ಟ್ 1ಕ್ಕೆ ಸೇರಿದರೆ ತರಬೇತಿ 2026ರ ಜುಲೈ 31ಕ್ಕೆ ಮುಗಿದು, ಆರು ತಿಂಗಳು 2027ರ ಜನವರಿ ಕೊನೆಗೆ ತುಂಬುತ್ತದೆ. ಜನವರಿ ಪರೀಕ್ಷೆ ತಪ್ಪಿ ಮೇ ಪರೀಕ್ಷೆಗೆ ಕೂರಬೇಕು. ಅಕ್ಟೋಬರ್ 1ಕ್ಕೆ ಸೇರಿದರೂ ಆರು ತಿಂಗಳು ಮಾರ್ಚ್ ಕೊನೆಗೆ ತುಂಬುತ್ತದೆ, ಪರೀಕ್ಷೆ ಅದೇ ಮೇ ತಿಂಗಳದ್ದು. ಎಂದರೆ ಅವಳಿಗೆ ಸಂಸ್ಥೆ ಹುಡುಕಲು ಎರಡು ತಿಂಗಳ ಬಿಡುವಿದೆ, ಮೊದಲು ಕರೆದ ಕಡೆಗೇ ಓಡಬೇಕಾಗಿಲ್ಲ. 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಮೆಟ್ರೋ ಬಂದಿರುವುದರಿಂದ ಅವಳ ಹುಡುಕಾಟ ವಿಜಯನಗರಕ್ಕೆ ನಿಲ್ಲಬೇಕಾಗಿಯೂ ಇಲ್ಲ, ಎಂ.ಜಿ. ರಸ್ತೆಯ ತನಕ ಒಂದೇ ರೈಲು. ಸೇರಿದ ಮೇಲೆ ಮಾತ್ರ ತಡ ಕೂಡದು. ಕರಾರು ಪತ್ರ 102ನೇ ನಮೂನೆ, ನೋಂದಣಿ 103ನೇ ನಮೂನೆ. ಸೇರಿದ 30 ದಿನದೊಳಗೆ ನೋಂದಣಿ ಐಸಿಎಐಗೆ ತಲುಪಬೇಕು. ಕಚೇರಿಯವರು ಮಾಡುತ್ತಾರೆ ಎಂದು ಬಿಟ್ಟು, ತಿಂಗಳುಗಳ ನಂತರ ನೋಡಿಕೊಂಡು ಪರದಾಡುವವರಿದ್ದಾರೆ.

ಆರ್ಟಿಕಲ್‌ಶಿಪ್‌ನೊಂದಿಗೆ ಬೆರೆಸಬಾರದ ಇನ್ನೊಂದು ತರಬೇತಿ 1961ರ ಅಪ್ರೆಂಟಿಸಸ್ ಕಾಯ್ದೆಯದು. 2014ರ ತಿದ್ದುಪಡಿಯಿಂದ ಬಿ.ಕಾಂ. ಪದವೀಧರರಿಗೂ ಅದು ತೆರೆದಿದೆ, 2019ರ ನಿಯಮದಂತೆ ಪದವೀಧರರಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ನಿಗದಿಯಾಯಿತು. ಅಲ್ಲಿ ಕಳೆದ ಒಂದು ದಿನವೂ ಆರ್ಟಿಕಲ್‌ಶಿಪ್‌ನ ಎರಡು ವರ್ಷಕ್ಕೆ ಜಮೆಯಾಗುವುದಿಲ್ಲ.